ತಿದ್ದಿದ ವರ್ಕ್‌ಶೀಟಿನಲ್ಲಿ ಪ್ರಶ್ನೆ ಬೇರೆ, ಮಿಸ್ ಹಾಕಿದ ಕೆಂಪು ಗುರುತು ಬೇರೆ ಮಾಡೋದು ಹೇಗೆ?

ಆರನೇ ಕ್ಲಾಸಿನ ಹುಡುಗಿಯ ಅಮ್ಮ ಕೇಳಿದ್ದು: ಮಗಳ ಗಣಿತದ ವರ್ಕ್‌ಶೀಟ್ ಇಪ್ಪತ್ತು ಇವೆ. ಎಲ್ಲದರ ಮೇಲೂ ಮಿಸ್ ಕೆಂಪು ಪೆನ್ನಲ್ಲಿ ತಿದ್ದಿದ್ದಾರೆ, ಮಾರ್ಜಿನ್ನಲ್ಲಿ ಸಣ್ಣದಾಗಿ ಬರೆದಿದ್ದಾರೆ. ಪ್ರಿಂಟಾದ ಪ್ರಶ್ನೆ ಮಾತ್ರ ತೆಗೆದು ಅವಳ ಕೈಲಿ ಮತ್ತೆ ಮಾಡಿಸಬೇಕು. ಮಿಸ್ ಬರೆದದ್ದೂ ಬೇಕು, ಆದರೆ ಬೇರೆಯಾಗಿ. ಯಾರಾದರೂ ಮಾಡಿದ್ದೀರಾ?

ಇಬ್ಬರು ಮಕ್ಕಳ ಅಪ್ಪ: ತುಂಬಾ ಸುಲಭ ಮೇಡಂ. ಫೋನಿನ ಸ್ಕ್ಯಾನಿಂಗ್ ಆ್ಯಪ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಅಂತ ಇರುತ್ತದೆ ನೋಡಿ, ಅದನ್ನು ಒತ್ತಿ. ಬಣ್ಣ ಹೋದರೆ ಕೆಂಪೂ ಹೋಯಿತು. ನಾನು ಒಂದು ಹಾಳೆಗೆ ಹಾಗೇ ಮಾಡಿದ್ದೆ, ಅರ್ಧ ಮಾಯವಾಗಿತ್ತು.

ಇನ್ನೊಬ್ಬರು: ಯಾಕೆ ಅಳಿಸಬೇಕು? ಅಂಕ ತಿದ್ದೋಕಾ? ಬ್ಲೀಚ್ ಹಚ್ಚಿದರೆ ಪೇಪರ್ ಹಳದಿಯಾಗುತ್ತದೆ, ಸಿಕ್ಕಿಬೀಳುತ್ತೀರಿ.

ಅಮ್ಮ: ಅಯ್ಯೋ, ಪೇಪರನ್ನು ನಾನು ಮುಟ್ಟೋದೇ ಇಲ್ಲ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಬೇರೆ ಮಾಡಬೇಕು ಅಷ್ಟೇ.

ಡಿಟಿಪಿ ಕೆಲಸದವನು: ಪರೀಕ್ಷೆ ಸಮಯದಲ್ಲಿ ಟ್ಯೂಷನ್‌ನವರು ಇಂಥದ್ದನ್ನೇ ಕಟ್ಟುಗಟ್ಟಲೆ ತರುತ್ತಾರೆ. ಮೊದಲು ಮೇಲಿನ ಸರ್ ಹೇಳಿದ್ದರ ಬಗ್ಗೆ. ಬಣ್ಣ ತೆಗೆದರೆ ಕೆಂಪು ಹೋಗಲ್ಲ, ಕಪ್ಪಾಗುತ್ತದೆ. ಸ್ಕ್ಯಾನಿನಲ್ಲಿ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ, 0ಯಿಂದ 255ರವರೆಗೆ. ಮೊನ್ನೆ ಬಂದ ಒಂದು ಹಾಳೆಯಲ್ಲಿ ಕೆಂಪು ಪೆನ್ನಿನ ಗೆರೆ ಸುಮಾರು 205, 50, 60 ಇತ್ತು. ಸಾಮಾನ್ಯ ಬ್ಲ್ಯಾಕ್ ಅಂಡ್ ವೈಟ್ ಮಾಡುವಾಗ ಹಸಿರಿಗೆ ಹೆಚ್ಚು ಬೆಲೆ, ಕೆಂಪಿಗೆ ಅದರ ಅರ್ಧ. ಲೆಕ್ಕ ಹಾಕಿದರೆ ಅದು 97 ಆಯಿತು, ಗಾಢ ಬೂದು. ನಿಮ್ಮ ಹಾಳೆಯಲ್ಲಿ ಅರ್ಧ ಹೋಗಿದ್ದು ಅಲ್ಲಿ ಪೆನ್ನು ತೆಳುವಾಗಿ ಓಡಿದ್ದಕ್ಕೆ ಇರಬೇಕು.

ಬದಲಿಗೆ ಹೀಗೆ ಯೋಚಿಸಿ. ಅದೇ ಗೆರೆಯ ಮೂರು ಸಂಖ್ಯೆಗಳಲ್ಲಿ ದೊಡ್ಡದನ್ನು ಮಾತ್ರ ಇಟ್ಟುಕೊಂಡರೆ 205, ಹೆಚ್ಚುಕಡಿಮೆ ಪೇಪರಿನಷ್ಟೇ ಬೆಳ್ಳಗೆ. ಮಗುವಿನ ನೀಲಿ ಪೆನ್ನು 50, 60, 150 ಇದ್ದರೆ ಅದು 150ಕ್ಕೆ ಏರುತ್ತದೆ. ಪ್ರಿಂಟಿನ ಕಪ್ಪು ಮೂರರಲ್ಲೂ 40ರ ಆಸುಪಾಸು. ದೊಡ್ಡದು ತೆಗೆದರೂ 40, ಅಂದರೆ ಕಪ್ಪಾಗಿಯೇ ಉಳಿಯುತ್ತದೆ. ಕೆಂಪು, ನೀಲಿ ಎರಡೂ ಒಂದೇ ಏಟಿಗೆ ಹೋಗುತ್ತವೆ. ಇಮೇಜ್‌ಮ್ಯಾಜಿಕ್ ಅನ್ನೋ ಉಚಿತ ತಂತ್ರಾಂಶದಲ್ಲಿ ಇದು ಒಂದೇ ಸಾಲು:

```
magick 04.png -alpha off -separate -evaluate-sequence Max -level 20%,55% 04-print.png
```

ಕೊನೆಯ 20, 55 ಅನ್ನೋದನ್ನು ನಿಮ್ಮ ಹಾಳೆಗೆ ತಕ್ಕಂತೆ ಬದಲಿಸಬೇಕು. ನೀಲಿಯ ನೆರಳು ಉಳಿದರೆ 55 ಕಡಿಮೆ ಮಾಡಿ. ಪ್ರಿಂಟೇ ಸವೆದಂತೆ ಕಂಡರೆ ಜಾಸ್ತಿ ಮಾಡಿ.

ಮಿಸ್ ಬರೆದದ್ದು ಬೇಕಾದರೆ ಉಲ್ಟಾ ಕೆಲಸ. ಕೆಂಪಿನ ಸಂಖ್ಯೆಯಿಂದ ಹಸಿರಿನದು ಕಳೆಯಿರಿ. ಕಪ್ಪು, ಬಿಳಿ, ಬೂದು ಎಲ್ಲದರಲ್ಲೂ ಉತ್ತರ ಸೊನ್ನೆಯ ಹತ್ತಿರ, ನೀಲಿಯಲ್ಲಿ ಸೊನ್ನೆಗಿಂತ ಕೆಳಗೆ. ಕೆಂಪು ಇಂಕಿನಲ್ಲಿ ಮಾತ್ರ ದೊಡ್ಡದು ಬರುತ್ತದೆ.

```
magick 04.png -fx "(u.r-u.g)>0.2 ? 0 : 1" 04-red.png
```

ಒಂದು ಎಚ್ಚರ. ಹಾಳೆ ಸೊಟ್ಟಗಿದ್ದರೆ ನೇರ ಮಾಡೋದು, ಅಂಚು ಕತ್ತರಿಸೋದು ಎಲ್ಲ ಮೊದಲೇ ಮುಗಿಸಿ. ಆಮೇಲೆ ಎರಡು ಚಿತ್ರದ ಅಳತೆ ಬದಲಾದರೆ ಮಾರ್ಜಿನ್ನಿನ ಮಾತು ಯಾವ ಪ್ರಶ್ನೆಗೆ ಅಂತ ಗೊತ್ತಾಗೋದೇ ಇಲ್ಲ. ನನ್ನ ಹತ್ತಿರ ಬಂದಿದ್ದ ಹಾಳೆಯ ನಾಲ್ಕನೇ ಪ್ರಶ್ನೆ 3/4 + 1/8. ಹುಡುಗ 4/12 ಅಂತ ಬರೆದಿದ್ದ. ಟೀಚರ್ ಪ್ರಶ್ನೆಯ 8ರ ಮೇಲೇ ಸುತ್ತು ಹಾಕಿ, ಒಂದು ಬಾಣ ಎಳೆದು, ಐದನೇ ಪ್ರಶ್ನೆಯ ಪಕ್ಕ ಜಾಗ ಇದ್ದಲ್ಲಿ ‘ಛೇದ ಸಮ ಮಾಡು’ ಅಂತ ಬರೆದಿದ್ದರು. ಕೆಂಪಿನ ಚಿತ್ರವನ್ನು ಮಾತ್ರ ನೋಡಿದರೆ ಅದು ಐದನೆಯದಕ್ಕೆ ಅನ್ನಿಸುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗಲೇ ಬಾಣದ ಬಾಲ 8ಕ್ಕೆ ಸೇರಿತು. ಆ 8 ಏನಾಯಿತು ಗೊತ್ತಾ? ಹಾಗೇ ಉಳಿಯಿತು. ಕಪ್ಪಿನ ಮೇಲೆ ಕೆಂಪು ಹಾದುಹೋದರೂ ಅಲ್ಲಿ ಕೆಂಪಿನ ಸಂಖ್ಯೆ ಕಡಿಮೆಯೇ ಇರುತ್ತದೆ. ಸ್ವಲ್ಪ ಮಾಸಿದ ಹಾಗೆ ಕಾಣುತ್ತದೆ ಅಷ್ಟೇ. ಇದನ್ನೇ ಫೋಟೋ ಎಡಿಟರಿನ ರಬ್ಬರ್‌ನಿಂದ ಉಜ್ಜಿದ್ದರೆ 8 ಹೋಗಿ 3 ಆಗುತ್ತಿತ್ತು. ಕನ್ನಡ ಹಾಳೆಯಾದರೆ ಒತ್ತಕ್ಷರಗಳೇ ಮೊದಲು ಬಲಿ.

ನಿವೃತ್ತ ಮೇಷ್ಟ್ರು: ನಾವು ಇದನ್ನು ಕೆಂಪು ಜಿಲೆಟಿನ್ ಪೇಪರಲ್ಲೇ ಮಾಡುತ್ತಿದ್ದೆವು. ಹಾಳೆಯ ಮೇಲೆ ಇಟ್ಟರೆ ಕೆಂಪು ಬರಹ ಕಾಣಲ್ಲ, ಕಪ್ಪು ಕಾಣುತ್ತದೆ. ಅದನ್ನೇ ಫೋನ್ ಕ್ಯಾಮೆರಾಗೆ ಅಡ್ಡ ಹಿಡಿದರೆ ಸಾಕಲ್ವಾ? ಇಷ್ಟೆಲ್ಲ ಕಂಪ್ಯೂಟರ್ ಯಾಕೆ?

ಡಿಟಿಪಿ ಕೆಲಸದವನು: ತತ್ವ ಅದೇ ಸರ್, ಖಂಡಿತ. ಆದರೆ ನೀಲಿ ಪೆನ್ನು ಆಗ ಇನ್ನೂ ಕಪ್ಪಾಗಿ ಕಾಣುತ್ತದೆ, ಮಗುವಿನ ಉತ್ತರ ಉಳಿದುಬಿಡುತ್ತದೆ. ಅಲ್ಲದೆ ಫೋನು ‘ಏನೋ ಕೆಂಪಾಗಿದೆ’ ಅಂತ ತಾನೇ ಬಣ್ಣ ಸರಿಮಾಡಲು ಹೋಗುತ್ತದೆ. ಕಣ್ಣಿಗೆ ಚೆನ್ನಾಗಿ ಕೆಲಸ ಮಾಡುವ ಉಪಾಯ ಅದು.

ಒಂದನೇ ಕ್ಲಾಸ್ ಟೀಚರ್: ನನ್ನ ಕಥೆ ಕೇಳಿ. ಇದೇ ಥರ ಮಾಡಿ ಮೂವತ್ತು ಕಾಪಿ ತೆಗೆಸಿದೆ. ಪ್ರಶ್ನೆ ‘ಕೆಂಪು ಹಣ್ಣುಗಳನ್ನು ಎಣಿಸಿ’. ಹಾಳೆಯಲ್ಲಿ ಹಣ್ಣೇ ಇಲ್ಲ! ಮಕ್ಕಳು ಸೊನ್ನೆ ಅಂತ ಬರೆದರು, ಸರಿ ಅಂತ ಹಾಕಬೇಕಾಯಿತು. ಬಣ್ಣದ ಪ್ರಿಂಟ್ ಇದ್ದರೆ ಏನು ಮಾಡೋದು?

ಅಮ್ಮ: ಹನ್ನೆರಡು ಹಾಳೆ ಚೆನ್ನಾಗಿ ಬಂತು. ತುಂಬಾ ಥ್ಯಾಂಕ್ಸ್ ಸರ್. ಉಳಿದ ಎಂಟರಲ್ಲಿ ಎರಡು ತೊಂದರೆ. ಐದು ಹಾಳೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ, ಅದು ಹೋಗುತ್ತಿಲ್ಲ. ಮೂರು ಹಾಳೆ ನಮ್ಮ ಮನೆಯವರು ಆಫೀಸಿನಿಂದ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು. ಅದರಲ್ಲಿ ರೈಟ್ ಮಾರ್ಕ್ ಇದ್ದ ಜಾಗದಲ್ಲೆಲ್ಲ ಬೂದು ಕಲೆ ಇದೆ, ಕೆಂಪಿನ ಚಿತ್ರದಲ್ಲಿ ಮಿಸ್ ಅಕ್ಷರವೂ ಹರಡಿಕೊಂಡಿದೆ.

ಡಿಟಿಪಿ ಕೆಲಸದವನು: ಆ ಮೂರನ್ನು ಮತ್ತೆ ಮಾಡಲೇಬೇಕು. ಹಾಗೆ ಕಳಿಸಿದ ಫೋಟೋ ಜೆಪೆಗ್ ಆಗಿ ಕುಗ್ಗುತ್ತದೆ. ಕುಗ್ಗಿಸುವಾಗ ಕಪ್ಪು ಬಿಳುಪಿನ ವಿವರ ಹೆಚ್ಚು ಉಳಿಸಿ, ಬಣ್ಣವನ್ನು ಸಾಮಾನ್ಯವಾಗಿ ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಇಡುತ್ತದೆ. ನಾಲ್ಕು ಚುಕ್ಕಿಗೆ ಒಂದೇ ಬಣ್ಣ. ಕಣ್ಣಿಗೆ ಗೊತ್ತಾಗಲ್ಲ, ಆದರೆ ನಾವು ಬೇರ್ಪಡಿಸುತ್ತಿರುವುದೇ ಬಣ್ಣವನ್ನು. ಅದಕ್ಕೇ ಗೆರೆಯ ಅಂಚಿನಲ್ಲಿ ಕೆಂಪು ಒಸರಿದೆ. ಅವರಿಗೆ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಅದಕ್ಕಿಂತ ಒಳ್ಳೇದು, ಜೆರಾಕ್ಸ್ ಅಂಗಡಿಯಲ್ಲಿ 300 ಡಿಪಿಐಗೆ ಕಲರ್ ಸ್ಕ್ಯಾನ್ ಮಾಡಿಸಿ PNG ಆಗಿ ಉಳಿಸಿಕೊಳ್ಳಿ.

ಪೆನ್ಸಿಲ್ ಕಷ್ಟ. ಅದಕ್ಕೆ ಬಣ್ಣವೇ ಇಲ್ಲ, ಪ್ರಿಂಟಿಗಿಂತ ತೆಳು ಅನ್ನೋದಷ್ಟೇ ವ್ಯತ್ಯಾಸ. ಆ 55ನ್ನು 40ಕ್ಕೆ ಇಳಿಸಿ ನೋಡಿ. ಹಗುರವಾಗಿ ಬರೆದದ್ದು ಹೋಗುತ್ತದೆ. ಒತ್ತಿ ಬರೆದದ್ದು ಉಳಿಯುತ್ತದೆ. ಅದನ್ನೂ ತೆಗೆಯೋಕೆ ಹೋದರೆ ಕಪ್ಪಿನ ಮೇಲೆ ಕೆಂಪು ಹಾದ ಜಾಗದ ಅಕ್ಷರಗಳು ಹೋಗುತ್ತವೆ. ಉಳಿದದ್ದನ್ನು ಕೈಯಲ್ಲೇ ಅಳಿಸಿ.

ಟೀಚರ್ ಮೇಡಂ, ಬಣ್ಣದ ಹಾಳೆಗೆ ನನ್ನ ಹತ್ತಿರ ಉಪಾಯ ಇಲ್ಲ. ಬರೆಯದ ಒಂದು ಖಾಲಿ ಪ್ರತಿ ಸಿಕ್ಕರೆ ಅದನ್ನೇ ಜೆರಾಕ್ಸ್ ಮಾಡಿಸಿ.

ಒಂದನೇ ಕ್ಲಾಸ್ ಟೀಚರ್: ಖಾಲಿ ಪ್ರತಿ ಇದ್ದಿದ್ದರೆ ನಾನು ಇಲ್ಲಿಗೆ ಯಾಕೆ ಬರುತ್ತಿದ್ದೆ ಸರ್!

ಇಬ್ಬರು ಮಕ್ಕಳ ಅಪ್ಪ: ಮುಂದಿನ ಸಲ ಹಸಿರು ಪೆನ್ನಲ್ಲಿ ತಿದ್ದಿ ಮೇಡಂ. ಹಣ್ಣು ಬದಲು ಎಲೆ ಮಾಯವಾಗಲಿ.