ಆರ್ಡರ್ ಶೀಟಿನಿಂದ ಗಿರಾಕಿಗಳನ್ನು ಗುಂಪು ಮಾಡೋದು: ಮಾಡಿ ನೋಡಿದವರು ಹೇಳಿ

ಧಾರವಾಡದ ಚಟ್ನಿಪುಡಿ (ಕೇಳಿದವರು)

ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಆನ್‌ಲೈನಲ್ಲಿ ಮಾರುತ್ತೇವೆ. ಎರಡು ವರ್ಷದ ಆರ್ಡರ್ ಶೀಟ್ ಇದೆ, ಸುಮಾರು 3,000 ಗಿರಾಕಿಗಳು. ಕೊನೆಯ ಸಲ ಯಾವಾಗ ಕೊಂಡರು, ಎಷ್ಟು ಸಲ ಕೊಂಡರು, ಎಷ್ಟು ದುಡ್ಡಿನದು ಕೊಂಡರು, ಮೂರನ್ನೂ ಪೈಥಾನಿನಲ್ಲಿ ಐದು ಸಮಭಾಗ ಮಾಡಿ 1ರಿಂದ 5 ಅಂಕ ಕೊಡೋಕೆ ಹೊರಟೆ. "ಎಷ್ಟು ಸಲ" ಅನ್ನೋ ಕಡೆ `Bin edges must be unique` ಅಂತ ಎರರ್. ಹೇಗೆ ಸರಿಮಾಡಿದಿರಿ? ಯಾರಿಗೆ ವಾಟ್ಸಾಪ್ ಮೆಸೇಜ್ ಕಳಿಸಬೇಕು ಅನ್ನೋದು ಇದರಿಂದ ನಿಜಕ್ಕೂ ಗೊತ್ತಾಗುತ್ತಾ?

ಪೈಥಾನ್ ಕಲಿಯುತ್ತಿರುವವ

ಮೇಡಂ, ನನಗೂ ಇದೇ ಎರರ್ ಬಂದಿತ್ತು. ಒಂದೇ ಸಾಲಿನ ಕೆಲಸ. ಮೊದಲು ರ‍್ಯಾಂಕ್ ಕೊಟ್ಟು ಆಮೇಲೆ ಭಾಗ ಮಾಡಿ. `g` ಅಂದರೆ ಗಿರಾಕಿಗೊಂದು ಸಾಲಿನ ಟೇಬಲ್, `orders` ಎಷ್ಟು ಸಲ ಕೊಂಡರು ಅನ್ನೋದು, `F` ಅದರ ಅಂಕ:

```python
g['F'] = pd.qcut(g['orders'].rank(method='first'), 5, labels=[1,2,3,4,5])
```

ಐದೂ ಭಾಗ ಸಮ ಬರುತ್ತೆ, ಎರರ್ ಹೋಗುತ್ತೆ. ನನ್ನ ಪ್ರಾಜೆಕ್ಟಿನಲ್ಲಿ ಹೀಗೇ ಮಾಡಿದ್ದೆ.

ಲೆಕ್ಕದ ಕೆಲಸದವರು

ಎರರ್ ಹೋಗುತ್ತೆ, ನಿಜ. ಆದರೆ ಆ ಎರರ್ ಒಂದು ಸರಿಯಾದ ಮಾತನ್ನೇ ಹೇಳ್ತಾ ಇತ್ತು. ತಿಂಡಿ ಮಾರುವ ಸಣ್ಣ ಅಂಗಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಸಲ ಕೊಂಡವರಾಗಿರುತ್ತಾರೆ. 3,000ದಲ್ಲಿ 1,900 ಜನ ಅಂಥವರು ಅಂತ ಇಟ್ಟುಕೊಳ್ಳಿ. ಒಂದೊಂದು ಭಾಗಕ್ಕೆ 600 ಜನ. ಅಂದರೆ ಒಂದೇ ಸಲ ಕೊಂಡವರಲ್ಲಿ ಮೊದಲ 600 ಜನಕ್ಕೆ 1 ಅಂಕ, ಮುಂದಿನ 600ಕ್ಕೆ 2, ಅದರ ಮುಂದಿನ 600ಕ್ಕೆ 3, ಉಳಿದ 100 ಜನಕ್ಕೆ 4. ಇವರ ಮಧ್ಯೆ ಏನು ವ್ಯತ್ಯಾಸ? ಏನೂ ಇಲ್ಲ. `method='first'` ಸಾಲು ಯಾವ ಕ್ರಮದಲ್ಲಿದೆಯೋ ಅದನ್ನೇ ನೋಡುತ್ತೆ. ಫೋನ್ ನಂಬರ್ ಮೇಲೆ `groupby` ಮಾಡಿದರೆ ಸಾಲುಗಳು ನಂಬರಿನ ಕ್ರಮದಲ್ಲಿ ಬಂದಿರುತ್ತವೆ. ಹಾಗಾಗಿ 6ರಿಂದ ಶುರುವಾಗೋ ನಂಬರಿನವರು ಕೆಟ್ಟ ಗಿರಾಕಿ, 9ರಿಂದ ಶುರುವಾಗೋರು ಪರವಾಗಿಲ್ಲ ಅಂತ ಆಗಿಬಿಡುತ್ತೆ!

ಹೀಗಾಗಿದೆಯಾ ಅಂತ ನೋಡೋಕೆ ಒಂದು ಸಾಲು ಸಾಕು:

```python
g.groupby('F')['orders'].agg(['min','max'])
```

ಎರಡು ಮೂರು ಅಂಕಗಳ ಎದುರು ಒಂದೇ ಸಂಖ್ಯೆ ಕಂಡರೆ ಆ ಅಂಕಗಳಿಗೆ ಅರ್ಥವಿಲ್ಲ.

ನಾನು ಈ ಕಾಲಂ ಅನ್ನು ಕೈಯಾರೆ ಕತ್ತರಿಸುತ್ತೇನೆ. ಒಂದು ಸಲ, ಎರಡು ಸಲ, ಮೂರು ನಾಲ್ಕು ಸಲ, ಐದು ಅಥವಾ ಅದಕ್ಕಿಂತ ಮೇಲೆ. ನಾಲ್ಕೇ ಅಂಕ. ಭಾಗಗಳು ಸಮ ಇರೋದಿಲ್ಲ, ಇರಬೇಕಾಗಿಯೂ ಇಲ್ಲ. ಒಂದು ಸಲ ಕೊಂಡವರು ಎರಡನೇ ಸಲ ಬಂದರಾ ಅನ್ನೋದೇ ನಿಮಗೆ ಬೇಕಾದ ದೊಡ್ಡ ಗೆರೆ, ಅದನ್ನು ಅಳಿಸಬೇಡಿ.

```python
g['F'] = pd.cut(g['orders'], [0,1,2,4,float('inf')], labels=[1,2,3,4])
```

ಶೀಟಿನಲ್ಲೇ ಮಾಡೋದಾದರೆ, ಎಷ್ಟು ಸಲ ಅನ್ನೋದು C ಕಾಲಂನಲ್ಲಿದ್ದರೆ, `=IFS(C2=1,1,C2=2,2,C2<=4,3,TRUE,4)`.

ಇದಕ್ಕೂ ಮೊದಲು ಒಂದು ಕೆಲಸ ಇದೆ. ವಾಪಸ್ ಬಂದ ಆರ್ಡರ್‌ಗಳನ್ನು ಏನು ಮಾಡಿದ್ದೀರಿ?

ಧಾರವಾಡದ ಚಟ್ನಿಪುಡಿ

"ರಿಟರ್ನ್" ಅಂತ ಬೇರೆ ಸಾಲು ಬರುತ್ತೆ ಸರ್, ಮೊತ್ತ ಮೈನಸ್‌ನಲ್ಲಿ ಇರುತ್ತೆ. ಆ ಸಾಲುಗಳನ್ನು ತೆಗೆದುಹಾಕಿದ್ದೇನೆ.

ಲೆಕ್ಕದ ಕೆಲಸದವರು

ಅದೇ ಭಯ ಇತ್ತು ನನಗೆ. ವಾಪಸಾತಿಯ ಸಾಲು ತೆಗೆದರೆ ಮೂಲ ಆರ್ಡರಿನ ಸಾಲು ಉಳಿದುಬಿಡುತ್ತೆ ಅಲ್ವಾ?

ಒಂದು ನಿಜವಾದ ಉದಾಹರಣೆ ಕೊಡ್ತೀನಿ. ಯುಸಿಐ ಅನ್ನೋ ಸಾರ್ವಜನಿಕ ಡೇಟಾ ಸಂಗ್ರಹದಲ್ಲಿ Online Retail ಅಂತ ಒಂದು ಡೇಟಾ ಇದೆ, ಇದನ್ನು ಕಲಿಯುವವರು ಹೆಚ್ಚಾಗಿ ಅದರಲ್ಲೇ ಕೈ ಪಳಗಿಸುತ್ತಾರೆ. ಬ್ರಿಟನ್ನಿನ ಒಂದು ಗಿಫ್ಟ್ ಸಾಮಾನಿನ ಆನ್‌ಲೈನ್ ಅಂಗಡಿಯದು, 2010ರ ಡಿಸೆಂಬರ್ 1ರಿಂದ 2011ರ ಡಿಸೆಂಬರ್ 9ರವರೆಗೆ, 5,41,909 ಸಾಲು. ಅದರಲ್ಲಿ ರದ್ದಾದ ಬಿಲ್ಲಿನ ನಂಬರ್ `C` ಅಕ್ಷರದಿಂದ ಶುರುವಾಗುತ್ತೆ. ಎಲ್ಲರೂ ಮೊದಲು ಮಾಡೋದು ಆ `C` ಸಾಲುಗಳನ್ನು ಕಿತ್ತುಹಾಕೋದು.

ಈಗ ಗಿರಾಕಿ `16446` ನೋಡಿ. ಕೊನೆಯ ದಿನ, ಡಿಸೆಂಬರ್ 9ರ ಬೆಳಗ್ಗೆ 9:15ಕ್ಕೆ ಕಾಗದದ ಹಕ್ಕಿಯ ಒಂದು ಕರಕುಶಲ ಸಾಮಾನು 80,995 ಬೇಕು ಅಂತ ಬಿಲ್ಲಾಗಿದೆ, ಮೊತ್ತ 1,68,469.60 ಪೌಂಡ್. 9:27ಕ್ಕೆ ಪೂರ್ತಿ ರದ್ದು. ಆ ಗಿರಾಕಿ ಅದಕ್ಕೆ ಮೊದಲು ಮೇ ತಿಂಗಳಲ್ಲಿ ಕೊಂಡಿದ್ದು ಬರೀ 2.90 ಪೌಂಡಿನ ಸಾಮಾನು. `C` ಸಾಲು ಕಿತ್ತುಹಾಕಿದರೆ ಇವರು ಕೊನೆಯ ದಿನವೇ ಬಂದವರು, ಲಕ್ಷಗಟ್ಟಲೆ ಪೌಂಡ್ ಸುರಿದವರು, ಅಂಗಡಿಯ ಅತ್ಯುತ್ತಮ ಗಿರಾಕಿಗಳಲ್ಲಿ ಒಬ್ಬರು. ನಿಜಕ್ಕೂ ಅವರು 2.90 ಪೌಂಡಿನ ಗಿರಾಕಿ, ಅದೂ ಏಳು ತಿಂಗಳ ಹಿಂದಿನವರು.

ನಮ್ಮಲ್ಲಿ ಕ್ಯಾಶ್ ಆನ್ ಡೆಲಿವರಿ ಇರೋದರಿಂದ ಇದು ಇನ್ನೂ ಜಾಸ್ತಿ. ಪಾರ್ಸೆಲ್ ತಗೊಳ್ಳದೆ ವಾಪಸ್ ಕಳಿಸಿದವರೂ ಶೀಟಿನಲ್ಲಿ ಗಿರಾಕಿಗಳೇ. ಮೂಲ ಆರ್ಡರ್, ವಾಪಸಾತಿ ಎರಡನ್ನೂ ಆರ್ಡರ್ ನಂಬರ್ ಹಿಡಿದು ಕೂಡಿಸಿ. ಮೊತ್ತ ಸೊನ್ನೆ ಆದರೆ ಆ ಆರ್ಡರ್ ಮೂರೂ ಲೆಕ್ಕದಿಂದ ಹೊರಗೆ ಹೋಗಬೇಕು, ತಾರೀಖಿನ ಲೆಕ್ಕದಿಂದಲೂ. ಸ್ವಲ್ಪ ಮಾತ್ರ ವಾಪಸ್ ಬಂದಿದ್ದರೆ ಆರ್ಡರ್ ಇರಲಿ, ದುಡ್ಡು ಮಾತ್ರ ಕಡಿಮೆಯಾಗಲಿ.

ಇಳಕಲ್ ಸೀರೆ ಅಂಗಡಿ

ನಮ್ಮ ಅನುಭವ ಬೇರೆ. ನಾವು ಇದನ್ನು ಮಾಡಿಸಿದೆವು, ಕೈಬಿಟ್ಟೆವು. 90 ದಿನ ಬರದೇ ಇದ್ದವರನ್ನೆಲ್ಲ "ಕಳೆದುಹೋದ ಗಿರಾಕಿ" ಅಂತ ಗುಂಪು ಮಾಡಿ ಕೊಟ್ಟರು. ನಮ್ಮ ಜನ ಯುಗಾದಿಗೆ, ಗೌರಿ ಹಬ್ಬಕ್ಕೆ, ದೀಪಾವಳಿಗೆ, ಇಲ್ಲ ಮನೆಯಲ್ಲಿ ಮದುವೆ ಇದ್ದಾಗ ಬರುತ್ತಾರೆ. ಜುಲೈನಲ್ಲಿ ನೋಡಿದರೆ ಎಲ್ಲರೂ ಕಳೆದುಹೋದವರೇ! ಅವರಿಗೆಲ್ಲ ಕೂಪನ್ ಹೋಯಿತು, ಹೇಗಿದ್ದರೂ ಗೌರಿ ಹಬ್ಬಕ್ಕೆ ಪೂರ್ತಿ ಬೆಲೆಗೆ ಕೊಳ್ಳುವವರು ಕೂಪನ್ ಹಾಕಿ ಕೊಂಡರು.

ಇನ್ನೊಂದು, ನಮ್ಮಲ್ಲಿ ಮೇಲಿನ ಅಂಕ ಬಂದವರಲ್ಲಿ ಸುಮಾರು ಜನ ನಮ್ಮಿಂದ ಕೊಂಡು ಮನೆಯಲ್ಲೇ ಮಾರುವವರು. ಅವರಿಗೆ ಬೇಕಾಗಿದ್ದು ಹೋಲ್‌ಸೇಲ್ ದರ, ನಾವು ಕಳಿಸಿದ್ದು "ಪ್ರೀತಿಯ ಗಿರಾಕಿಗೆ ಉಡುಗೊರೆ".

ಲೆಕ್ಕದ ಕೆಲಸದವರು

ನಿಮ್ಮಲ್ಲಿ ತಪ್ಪಿದ್ದು ಆ 90 ಅನ್ನೋ ಸಂಖ್ಯೆ. ಸೀರೆಗೆ ಹೋದ ವರ್ಷ ಇದೇ ಹಬ್ಬಕ್ಕೆ ಬಂದು ಈ ವರ್ಷ ಬರಲಿಲ್ಲವಾ ಅಂತ ನೋಡಬೇಕು. ಮಾರುವವರನ್ನು ಮೊದಲೇ ಬೇರೆ ಶೀಟಿಗೆ ಹಾಕಬೇಕು, ಒಂದೇ ಆರ್ಡರಿನಲ್ಲಿ ಹತ್ತಾರು ಸೀರೆ ಇರೋದರಿಂದ ಅವರು ಸುಲಭವಾಗಿ ಸಿಗುತ್ತಾರೆ.

ಚಟ್ನಿಪುಡಿ ಹಾಗಲ್ಲ, ಅದು ಖಾಲಿಯಾಗುವ ಸಾಮಾನು. ಮೇಡಂ, ನಿಮ್ಮ ಗಿರಾಕಿಗಳು ಮತ್ತೆ ಬರೋಕೆ ಎಷ್ಟು ದಿನ ತಗೊಳ್ತಾರೆ ಅನ್ನೋದು ನಿಮ್ಮ ಶೀಟಿನಲ್ಲೇ ಇದೆ. `o` ಅಂದರೆ ವಾಪಸಾತಿ ಕಳೆದ ಮೇಲೆ ಉಳಿದ ಆರ್ಡರ್‌ಗಳು, ತಾರೀಖಿನಲ್ಲಿ ಗಂಟೆ ನಿಮಿಷ ಇರಬಾರದು:

```python
d = o.drop_duplicates(['phone','date']).sort_values(['phone','date'])
gap = d.groupby('phone')['date'].diff().dt.days.dropna()
print(gap.quantile([0.5, 0.8, 0.9]))
```

ಮೊದಲ ಸಾಲು ಒಂದೇ ದಿನದ ಎರಡು ಆರ್ಡರನ್ನು ಒಂದೇ ಅಂತ ಎಣಿಸುತ್ತೆ. ರೊಟ್ಟಿ ಮರೆತು ಹತ್ತು ನಿಮಿಷ ಬಿಟ್ಟು ಮತ್ತೆ ಆರ್ಡರ್ ಮಾಡಿದವರು ಎರಡು ಸಲ ಬಂದವರಲ್ಲ.

ಧಾರವಾಡದ ಚಟ್ನಿಪುಡಿ

ಮಾಡಿದೆ ಸರ್. ಅರ್ಧದಷ್ಟು ಸಲ 41 ದಿನದೊಳಗೆ ಮತ್ತೆ ಬಂದಿದ್ದಾರೆ, ಹತ್ತರಲ್ಲಿ ಎಂಟು ಸಲ 75 ದಿನದೊಳಗೆ, ಒಂಬತ್ತು ಸಲ 120 ದಿನದೊಳಗೆ. ಮೊದಲು ನಾನು ಕೊನೆಯ ಖರೀದಿಯ ಕಾಲಂ ಅನ್ನು ಐದು ಸಮಭಾಗ ಮಾಡಿದಾಗ 5 ಅಂಕದವರು 100 ದಿನದವರೆಗೂ ಹೋಗಿದ್ದರು. ಹೊಸಬರು ಕಡಿಮೆ ಬಂದ ಕಾಲ ಅದು, ಅದಕ್ಕೇ ಇರಬೇಕು.

ಒಬ್ಬರ ಲೆಕ್ಕ ಹೇಳ್ತೀನಿ. ಮೊದಲು ಆರು ಆರ್ಡರ್, 4,180 ರೂಪಾಯಿ ಅಂತ ತೋರಿಸ್ತಾ ಇತ್ತು. ಎರಡು ಆರ್ಡರ್ ಒಂದೇ ದಿನದ್ದು. 960 ರೂಪಾಯಿಯ ಕೊನೆಯ ಆರ್ಡರ್ ಕ್ಯಾಶ್ ಆನ್ ಡೆಲಿವರಿ, ವಾಪಸ್ ಬಂದಿತ್ತು. ಈಗ ನಾಲ್ಕು ಸಲ, 3,220 ರೂಪಾಯಿ. ಕೊನೆಯ ಖರೀದಿ 20 ದಿನದ ಹಿಂದೆ ಅಂತಿದ್ದದ್ದು 96 ದಿನ ಆಯಿತು. ಮೊದಲು ಇವರಿಗೆ ಏನೂ ಕಳಿಸೋದು ಬೇಡ, ತಾವೇ ಬರ್ತಾ ಇದ್ದಾರೆ ಅಂದುಕೊಂಡಿದ್ದೆ. ಈಗ ನೋಡಿದರೆ ಮೊದಲು ಫೋನ್ ಮಾಡಬೇಕಾದವರೇ ಇವರು. ಪಾರ್ಸೆಲ್ ಯಾಕೆ ತಗೊಳ್ಳಲಿಲ್ಲ ಅಂತ ಕೇಳಬೇಕು.

ಲೆಕ್ಕದ ಕೆಲಸದವರು

ಸರಿಯಾಗಿ ಹಿಡಿದಿರಿ. 41, 75, 120, ಇವನ್ನೇ ಗೆರೆ ಮಾಡಿಕೊಳ್ಳಿ. 41ರೊಳಗಿನವರಿಗೆ ಸುಮ್ನೆ ಇರಿ. ಎರಡಕ್ಕಿಂತ ಹೆಚ್ಚು ಸಲ ಬಂದು ಈಗ 75 ದಾಟಿ 120ರ ಒಳಗಿದ್ದಾರಲ್ಲ, ಅವರಿಗೆ ಮೊದಲ ಮೆಸೇಜ್. 120 ದಾಟಿದ ಒಂದೇ ಸಲದವರು ಸಂಖ್ಯೆಯಲ್ಲಿ ಅತಿ ದೊಡ್ಡ ಗುಂಪು, ಅವರಿಗೆ ದುಡ್ಡು ಸುರಿಯೋದು ಕೊನೆಗೆ.

ಓದುತ್ತಾ ಬಂದವರು

ಒಂದು ಅನುಮಾನ. ಈ ಅಂತರದ ಲೆಕ್ಕ ಮತ್ತೆ ಬಂದವರದ್ದು ಮಾತ್ರ. ಬರದೇ ಇದ್ದವರ ಅಂತರ ಎಲ್ಲಿಂದ ಸಿಗುತ್ತೆ? ಒಂದು ಕೆಜಿ ತಗೊಂಡು ನಿಧಾನಕ್ಕೆ ಮುಗಿಸುವವರು ಇನ್ನೂ ಬಂದಿಲ್ಲ ಅಷ್ಟೇ ಇರಬಹುದು. ಹೋದ ಎರಡು ತಿಂಗಳಲ್ಲಿ ಮೊದಲ ಸಲ ಕೊಂಡವರಂತೂ ಲೆಕ್ಕಕ್ಕೇ ಸರಿಯಾಗಿ ಬಂದಿಲ್ಲ.

ಲೆಕ್ಕದ ಕೆಲಸದವರು

ಒಪ್ಪುತ್ತೇನೆ. ಹಾಗಾಗಿ ನಿಜವಾದ ಅಂತರ ಇದಕ್ಕಿಂತ ಉದ್ದವೇ ಇರುತ್ತೆ. ಪ್ಯಾಕಿನ ಗಾತ್ರದ ಮೇಲೆ ಬೇರೆ ಬೇರೆ ಲೆಕ್ಕ ಮಾಡಬಹುದು, ಆದರೆ 3,000 ಜನರನ್ನು ಅಷ್ಟು ಸೀಳಿದರೆ ಒಂದೊಂದು ಗುಂಪಿನಲ್ಲಿ ಜನ ತೀರಾ ಕಡಿಮೆ ಆಗಿಬಿಡಬಹುದು.

ದಿನಸಿ ಆ್ಯಪ್

ನಾವು ಯಾವ ಸಾಮಾನು ಜಾಸ್ತಿ ಹೋಗುತ್ತೆ ಅಂತ ಎ, ಬಿ, ಸಿ ಗುಂಪು ಮಾಡಿದ್ದೇವೆ, ಸ್ಟಾಕ್ ಇಡೋಕೆ ಬಹಳ ಅನುಕೂಲ. ಅದನ್ನೇ ಮಾಡಿ.

ಧಾರವಾಡದ ಚಟ್ನಿಪುಡಿ

ಅದು ಸಾಮಾನಿನ ಲೆಕ್ಕ ಅಣ್ಣಾ, ನಾನು ಕೇಳಿದ್ದು ಗಿರಾಕಿಗಳದ್ದು. ಸ್ಟಾಕಿನ ಹೊತ್ತಿಗೆ ಕೇಳ್ತೀನಿ.

ನ್ಯೂಜೆರ್ಸಿಯಿಂದ

ಗಿರಾಕಿ ಅಂದರೆ ಯಾರು ಅಂತಲೂ ನೋಡಿ. ನಾನು ಇಲ್ಲಿ ಕೂತು ಹುಬ್ಬಳ್ಳಿಯಲ್ಲಿರುವ ಅಮ್ಮನಿಗೆ, ಬೆಳಗಾವಿಯ ಅತ್ತೆಗೆ ಇಂಥ ಅಂಗಡಿಗಳಿಂದ ಕಳಿಸ್ತಾ ಇರ್ತೀನಿ. ಡೆಲಿವರಿ ನಂಬರ್ ಹಿಡಿದರೆ ನಾನು ಇಬ್ಬರು ಸಣ್ಣ ಗಿರಾಕಿ ಆಗ್ತೀನಿ. ಕೂಪನ್ ಅಮ್ಮನ ಫೋನಿಗೆ ಹೋಗುತ್ತೆ, ಅವರು ಆನ್‌ಲೈನಲ್ಲಿ ಏನನ್ನೂ ಕೊಳ್ಳೋದೇ ಇಲ್ಲ.

ಧಾರವಾಡದ ಚಟ್ನಿಪುಡಿ

ಅಯ್ಯೋ, ನಾನು ಹಿಡಿದಿದ್ದು ಡೆಲಿವರಿ ನಂಬರೇ. ದುಡ್ಡು ಕಟ್ಟಿದವರ ನಂಬರ್ ಬೇರೆ ಕಾಲಂನಲ್ಲಿದೆ. ಅದರಲ್ಲಿ ಕೆಲವು `+91` ಇಟ್ಟು, ಕೆಲವು `0` ಇಟ್ಟು, ಎಕ್ಸೆಲ್‌ನಲ್ಲಿ ತೆರೆದರೆ `9.19845E+11` ಅಂತ ಕಾಣ್ತಾ ಇವೆ.

ಲೆಕ್ಕದ ಕೆಲಸದವರು

ಆ ಕಾಲಂನೇ ಹಿಡೀರಿ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ ಫೈಲ್ ಬೇಡ, ಕೊನೆಯ ಅಂಕಿಗಳು ಹೋಗಿರಬಹುದು. ಮೂಲ ಫೈಲನ್ನೇ `dtype=str` ಇಟ್ಟು ಓದಿ, ಅಂಕಿ ಅಲ್ಲದ್ದನ್ನೆಲ್ಲ ತೆಗೆದು ಭಾರತದ ನಂಬರ್‌ಗಳ ಕೊನೆಯ ಹತ್ತು ಅಂಕಿ ಉಳಿಸಿಕೊಳ್ಳಿ. ಹೊರದೇಶದ ನಂಬರ್ ಪೂರ್ತಿ ಇರಲಿ. ಗಿರಾಕಿಗಳ ಸಂಖ್ಯೆ 3,000ಕ್ಕಿಂತ ಕಡಿಮೆಯಾಗಬಹುದು, ಅಂತರದ ಲೆಕ್ಕವನ್ನೂ ಮತ್ತೆ ಓಡಿಸಬೇಕು.

ಪೈಥಾನ್ ಕಲಿಯುತ್ತಿರುವವ

ಸರ್, ದುಡ್ಡಿನ ಕಾಲಂ ಉಳಿಯಿತಲ್ಲ. ಒಟ್ಟು ಮೊತ್ತ ಇಡಬೇಕಾ, ಒಂದು ಆರ್ಡರಿಗೆ ಸರಾಸರಿನಾ?

ಲೆಕ್ಕದ ಕೆಲಸದವರು

ನಾನು ಸರಾಸರಿ ಇಡುತ್ತೇನೆ. ಒಟ್ಟು ಮೊತ್ತ ಇಟ್ಟರೆ ಹೆಚ್ಚು ಸಲ ಬಂದವರ ಮೊತ್ತ ಹೇಗೂ ದೊಡ್ಡದಿರುತ್ತೆ, ಒಂದೇ ಸಂಗತಿಗೆ ಎರಡು ಸಲ ಅಂಕ ಕೊಟ್ಟ ಹಾಗೆ.

ಇಳಕಲ್ ಸೀರೆ ಅಂಗಡಿ

ಇದನ್ನು ನಾನು ಒಪ್ಪಲ್ಲ. ಒಂದೇ ಸಲ ಬಂದು ಮದುವೆಗೆ 40,000ದ ಸೀರೆ ಒಯ್ದವರು ಸರಾಸರಿಯಲ್ಲಿ ಮೇಲೆ ನಿಲ್ಲುತ್ತಾರೆ. ವರ್ಷಕ್ಕೆ ಮೂರು ಸಲ ಬರುವವರು ಕೆಳಗೆ. ಅಂಗಡಿ ನಡೆಯೋದು ಆ ಮೂರು ಸಲದವರಿಂದ.

ಲೆಕ್ಕದ ಕೆಲಸದವರು

ಆ ಮೂರು ಸಲದವರು "ಎಷ್ಟು ಸಲ" ಕಾಲಂನಲ್ಲಿ ಮೇಲೆ ಇದ್ದೇ ಇರುತ್ತಾರಲ್ಲ. ಆದರೆ ಮೂರೂ ಅಂಕ ಕೂಡಿಸಿ ಒಂದೇ ಸಂಖ್ಯೆ ಮಾಡಿದರೆ ನೀವು ಹೇಳಿದ ತೊಂದರೆ ಬರುತ್ತೆ, ಅದು ಹೌದು. ಮೇಡಂ, ಎರಡೂ ಥರ ಮಾಡಿ, ಯಾವ ಹೆಸರುಗಳು ಮೇಲೆ ಕೆಳಗೆ ಆಗ್ತವೆ ಅಂತ ಇಲ್ಲಿ ಹಾಕಿ. ಮತ್ತೆ 75 ದಾಟಿದ ಗುಂಪಿಗೆ ಮೆಸೇಜ್ ಕಳಿಸುವಾಗ ಚೀಟಿ ಎತ್ತಿದ ಹಾಗೆ ಐದರಲ್ಲಿ ಒಬ್ಬರನ್ನು ಬಿಟ್ಟುಬಿಡಿ. ಒಂದು ತಿಂಗಳ ಮೇಲೆ ಬಿಟ್ಟವರಲ್ಲಿ ನೂರಕ್ಕೆ ಎಷ್ಟು ಜನ ತಾವಾಗಿ ಬಂದರು, ಕಳಿಸಿದವರಲ್ಲಿ ನೂರಕ್ಕೆ ಎಷ್ಟು ಅಂತ ಹೋಲಿಸದೆ ಮೆಸೇಜಿನಿಂದ ಬಂದರು ಅಂತ ಹೇಳೋಕಾಗಲ್ಲ.

ಧಾರವಾಡದ ಚಟ್ನಿಪುಡಿ

ಆಗಲಿ ಸರ್. ಮೊದಲು ದುಡ್ಡು ಕಟ್ಟಿದವರ ನಂಬರ್ ಹಿಡಿದು ಎಲ್ಲ ಹೊಸದಾಗಿ ಮಾಡ್ತೀನಿ. ಬಿಟ್ಟವರು ಎಷ್ಟು ಜನ ತಾವಾಗಿ ಬಂದರು ಅಂತ ತಿಂಗಳಾದ ಮೇಲೆ ಬರೀತೀನಿ.