ನವೆಂಬರ್ ಬಂದರೆ ನಮ್ಮ ಕನ್ನಡ ತರಗತಿಯ ಸಮಯ ತಪ್ಪುತ್ತದೆ, ನೀವು ಹೇಗೆ ಸರಿಪಡಿಸಿದಿರಿ?

ಕೇಳಿದವರು, ನ್ಯೂಜೆರ್ಸಿ

ಇಲ್ಲಿನ ಮಕ್ಕಳ ಕನ್ನಡ ತರಗತಿಗಾಗಿ ನಾವು ಕೆಲವರು ಸೇರಿ ಒಂದು ಆ್ಯಪ್ ಮಾಡಿದ್ದೇವೆ. ಶಿಕ್ಷಕಿ ಮೈಸೂರಿನಲ್ಲಿದ್ದಾರೆ. ಮಕ್ಕಳು ಹೆಚ್ಚಿನವರು ಇಲ್ಲಿಯವರೇ, ಕೆಲವರು ಲಂಡನ್ ಮತ್ತು ಕುವೈತ್‌ನವರು. ಶನಿವಾರ ಬೆಳಿಗ್ಗೆ 10ರ ತರಗತಿಯನ್ನು ಕಳೆದ ನವೆಂಬರ್‌ನಿಂದ ಆ್ಯಪ್ 9 ಗಂಟೆ ಎಂದು ತೋರಿಸತೊಡಗಿತು. ಹುಟ್ಟುಹಬ್ಬದ ದಿನಾಂಕಗಳಲ್ಲೂ ಒಂದು ದಿನದ ವ್ಯತ್ಯಾಸ ಬರುತ್ತಿದೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಬೆಂಗಳೂರಿನ ವೆಬ್ ಪ್ರೋಗ್ರಾಮರ್

ಎಲ್ಲ ಸಮಯವನ್ನೂ ಡೇಟಾಬೇಸ್‌ನಲ್ಲಿ ಯುಟಿಸಿಯಲ್ಲೇ ಇಡಿ, ತೋರಿಸುವಾಗ ಮಾತ್ರ ಆಯಾ ಊರಿನ ಸಮಯಕ್ಕೆ ಬದಲಿಸಿ. ನಮ್ಮ ಕಚೇರಿಯಲ್ಲಿ ಆರು ವರ್ಷಗಳಿಂದ ಹೀಗೆಯೇ ನಡೆಯುತ್ತಿದೆ, ಒಂದು ದೂರೂ ಬಂದಿಲ್ಲ.

ಲಂಡನ್‌ನಲ್ಲಿರುವ ಡೇಟಾಬೇಸ್ ಎಂಜಿನಿಯರ್

ಮೇಲಿನವರು ಹೇಳಿದ್ದು ನಡೆದುಹೋದ ಸಂಗತಿಗಳಿಗೆ ಸರಿ. ಹಣ ಯಾವಾಗ ಪಾವತಿಯಾಯಿತು, ಯಾರು ಯಾವಾಗ ಲಾಗಿನ್ ಆದರು ಎಂಬುದನ್ನೆಲ್ಲ ಯುಟಿಸಿಯಲ್ಲೇ ಇಡಬೇಕು. ಆದರೆ ಮುಂದೆ ವಾರವಾರವೂ ನಡೆಯಬೇಕಾದ ತರಗತಿಗೆ ಅದೇ ವಿಧಾನ ಹಿಡಿದರೆ ನಿಮ್ಮಲ್ಲಿ ಆದದ್ದೇ ಆಗುತ್ತದೆ. ಬೇಸಿಗೆಯಲ್ಲಿ ನ್ಯೂಜೆರ್ಸಿಯ 10 ಗಂಟೆ ಎಂದರೆ ಯುಟಿಸಿ 14:00. ನೀವು ಆ 14:00 ಅನ್ನು ಉಳಿಸಿಟ್ಟಿರಿ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿದವು, ಆಗ ಅದೇ 14:00 ಅಲ್ಲಿನ 9 ಗಂಟೆಯಾಯಿತು. ಆ್ಯಪ್ ಲೆಕ್ಕ ತಪ್ಪಲಿಲ್ಲ, ಅದಕ್ಕೆ ಕೊಟ್ಟ ಮಾಹಿತಿಯೇ ಅರ್ಧವಾಗಿತ್ತು.

ಕೋಡ್ ಮುಟ್ಟುವ ಮೊದಲು ಒಂದು ಪ್ರಶ್ನೆ: ತರಗತಿ ಯಾರ ಗಡಿಯಾರಕ್ಕೆ ಕಟ್ಟುಬಿದ್ದಿದೆ? ಮೈಸೂರಿನ ಸಂಜೆ 7:30ಕ್ಕೋ, ನ್ಯೂಜೆರ್ಸಿಯ ಬೆಳಿಗ್ಗೆ 10ಕ್ಕೋ? ಭಾರತದಲ್ಲಿ ಗಡಿಯಾರ ಹಿಂದೆಮುಂದೆ ಆಗುವುದಿಲ್ಲ. ಆದ್ದರಿಂದ ಮೈಸೂರಿಗೆ ಕಟ್ಟಿದ್ದರೆ ಯುಟಿಸಿಯಲ್ಲಿ ಇಟ್ಟರೂ ನಡೆಯುತ್ತದೆ. ಬೆಂಗಳೂರಿನ ಕಚೇರಿಗೆ ಆರು ವರ್ಷ ದೂರು ಬಾರದಿರುವುದಕ್ಕೆ ಬಹುಶಃ ಇದೇ ಕಾರಣ.

ಕೇಳಿದವರು

ನ್ಯೂಜೆರ್ಸಿಯ 10 ಗಂಟೆಗೆ, ಸರ್. ಮಕ್ಕಳಿಗೆ ಮಧ್ಯಾಹ್ನ ಬೇರೆ ತರಗತಿಗಳಿವೆ.

ಲಂಡನ್‌ನಲ್ಲಿರುವ ಡೇಟಾಬೇಸ್ ಎಂಜಿನಿಯರ್

ಹಾಗಾದರೆ ಸ್ಥಳೀಯ ಸಮಯವನ್ನೂ ವಲಯದ ಹೆಸರನ್ನೂ ಬೇರೆ ಬೇರೆ ಅಂಕಣಗಳಲ್ಲಿ ಇಡಿ:

```
starts_local: 2026-10-31 10:00
zone:         America/New_York
```

ವಲಯದ ಜಾಗದಲ್ಲಿ `-04:00` ಎಂದು ಬರೆಯಬೇಡಿ. ಅದು ಆ ಒಂದು ದಿನದ ಅಂತರ ಮಾತ್ರ, ಮುಂದಿನ ವಾರ ಏನಾಗುತ್ತದೆ ಎಂಬುದು ಅದರಲ್ಲಿಲ್ಲ. `IST`, `EST` ಎಂಬ ಮೂರಕ್ಷರಗಳೂ ಬೇಡ. ಐರ್ಲೆಂಡ್ ಮತ್ತು ಇಸ್ರೇಲ್‌ಗಳಲ್ಲೂ ತಮ್ಮ ಸಮಯವನ್ನು `IST` ಎಂದೇ ಬರೆಯುತ್ತಾರೆ. ಇನ್ನೊಂದು ವಿಷಯ: ವಲಯಗಳ ಪಟ್ಟಿಯಲ್ಲಿ ಬೆಂಗಳೂರು ಇಲ್ಲ, ಇಡೀ ಭಾರತಕ್ಕೆ ಇರುವುದು `Asia/Kolkata` ಒಂದೇ. ನಮ್ಮ ಹಿರಿಯರು ಅದನ್ನು ನೋಡಿ "ಇದು ನಮ್ಮದಲ್ಲ" ಎಂದು ಮುಂದೆ ಹೋಗುತ್ತಾರೆ. ಪರದೆಯ ಮೇಲೆ "ಭಾರತ" ಎಂದೇ ತೋರಿಸಿ.

ಸರಿಪಡಿಸಿದ ಮೇಲೆ 2026ರ ಈ ಮೂರು ಶನಿವಾರಗಳನ್ನು ಪರೀಕ್ಷಿಸಿ. ಅಕ್ಟೋಬರ್ 24ರಂದು ನ್ಯೂಜೆರ್ಸಿಯಲ್ಲಿ 10 ಗಂಟೆಯಾದಾಗ ಲಂಡನ್‌ನಲ್ಲಿ ಮಧ್ಯಾಹ್ನ 3, ಮೈಸೂರಿನಲ್ಲಿ ಸಂಜೆ 7:30. ಮರುದಿನ, 25ರಂದು ಬ್ರಿಟನ್ನಿನ ಗಡಿಯಾರ ಹಿಂದಕ್ಕೆ ಸರಿಯುತ್ತದೆ, ಅಮೆರಿಕದ್ದು ಇನ್ನೂ ಸರಿದಿರುವುದಿಲ್ಲ. ಹಾಗಾಗಿ 31ರಂದು ಲಂಡನ್ನಿನ ಮಕ್ಕಳಿಗೆ ತರಗತಿ 2 ಗಂಟೆಗೆ. ನವೆಂಬರ್ 1ರಂದು ಅಮೆರಿಕವೂ ಬದಲಾಗುವುದರಿಂದ 7ರಂದು ಲಂಡನ್‌ನಲ್ಲಿ ಮತ್ತೆ 3 ಗಂಟೆ, ಮೈಸೂರಿನಲ್ಲಿ ರಾತ್ರಿ 8:30. ನನ್ನ ಮಗಳು ಇಂಥದ್ದೇ ಒಂದು ನಡುವಿನ ವಾರದಲ್ಲಿ ತನ್ನ ಸಂಗೀತ ಪಾಠವನ್ನು ತಪ್ಪಿಸಿಕೊಂಡು ಅತ್ತಿದ್ದಳು. ಆ ಒಂದು ವಾರವನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಕುವೈತ್‌ನಲ್ಲಿರುವ ಒಬ್ಬ ತಂದೆ

ಸಮಯದ ವಿಷಯ ನನಗೆ ತಿಳಿಯದು. ನನ್ನದು ಹಣದ ತೊಂದರೆ. ಇಂಥದ್ದೇ ಇನ್ನೊಂದು ಆ್ಯಪ್‌ನಲ್ಲಿ ಮಗನ ಶುಲ್ಕ 12.500 ದಿನಾರ್ ಎಂದಿತ್ತು, ಬ್ಯಾಂಕಿನಿಂದ ಕಡಿತವಾದದ್ದು 1.250 ದಿನಾರ್. ಉಳಿದದ್ದನ್ನು ನಾನೇ ಕೇಳಿ ಕಟ್ಟಿದೆ. ವಿನಿಮಯ ದರದ ತಪ್ಪಿರಬಹುದೇ?

ಮಂಗಳೂರಿನ ಪಾವತಿ ವ್ಯವಸ್ಥೆಯ ಪ್ರೋಗ್ರಾಮರ್

ದರದ ತಪ್ಪಲ್ಲ ಸರ್. ದರ ತಪ್ಪಿದ್ದರೆ ಮೊತ್ತ ಸರಿಯಾಗಿ ಹತ್ತನೇ ಒಂದು ಭಾಗವಾಗುತ್ತಿರಲಿಲ್ಲ. ರೂಪಾಯಿಗೆ ನೂರು ಪೈಸೆ ಇರುವ ಹಾಗೆ ಕುವೈತ್ ದಿನಾರಿಗೆ ಸಾವಿರ ಫಿಲ್ಸ್. ಪಾವತಿ ಗೇಟ್‌ವೇಗಳು ಸಾಮಾನ್ಯವಾಗಿ ಮೊತ್ತವನ್ನು ಅತಿ ಚಿಕ್ಕ ನಾಣ್ಯದಲ್ಲಿ ಕೇಳುತ್ತವೆ. ಬರೆದವರು ಎಲ್ಲ ಕರೆನ್ಸಿಗಳನ್ನೂ 100ರಿಂದ ಗುಣಿಸಿ 1250 ಎಂದು ಕಳುಹಿಸಿರುತ್ತಾರೆ, ಗೇಟ್‌ವೇ ಅದನ್ನು 1250 ಫಿಲ್ಸ್ ಎಂದು ಓದಿರುತ್ತದೆ. ಬಹರೇನ್, ಒಮಾನ್‌ಗಳಲ್ಲೂ ಸಾವಿರದ ಲೆಕ್ಕವೇ. ಜಪಾನಿನ ಯೆನ್‌ಗೆ ಚಿಲ್ಲರೆಯೇ ಇಲ್ಲ. ಅಲ್ಲಿ ಇದೇ ತಪ್ಪು ಮಾಡಿದರೆ 3000 ಯೆನ್ ಬದಲು ಮೂರು ಲಕ್ಷ ಯೆನ್ ಕಡಿತವಾದೀತು. ಆದ್ದರಿಂದ ಮೊತ್ತವನ್ನು ಪೂರ್ಣಾಂಕವಾಗಿ, ಪಕ್ಕದಲ್ಲೇ `KWD`, `JPY` ಎಂಬ ಸಂಕೇತದೊಂದಿಗೆ ಉಳಿಸಿ. ಎಷ್ಟರಿಂದ ಗುಣಿಸಬೇಕು ಎಂಬುದು ಆ ಸಂಕೇತದಿಂದ ತೀರ್ಮಾನವಾಗಲಿ. ಬರಿಯ `$` ಚಿಹ್ನೆಯೂ ಸಾಲದು, ಸಿಂಗಪುರದವರೂ ಕೆನಡಾದವರೂ ಅದನ್ನು ತಮ್ಮ ಡಾಲರ್ ಎಂದೇ ಓದುತ್ತಾರೆ.

ಟೆಕ್ಸಸ್‌ನ ನಿವೃತ್ತ ಮೇಷ್ಟ್ರು

ದಿನಾಂಕದಲ್ಲಿ ಒಂದು ದಿನ ವ್ಯತ್ಯಾಸ ಬರುವುದು ಸಹಜವೇ ಅಲ್ಲವೇ? ಏಕಾದಶಿ ಊರಿನಲ್ಲಿ ಒಂದು ದಿನ ಬಂದರೆ ಇಲ್ಲಿ ಒಮ್ಮೊಮ್ಮೆ ಹಿಂದಿನ ದಿನವೇ ಬರುತ್ತದೆ. ಸೂರ್ಯೋದಯಕ್ಕೆ ಯಾವ ತಿಥಿ ಇದೆ ಎಂದು ನೋಡಬೇಕು.

ಉಡುಪಿ ಮೂಲದ ಆ್ಯಂಡ್ರಾಯ್ಡ್ ಡೆವಲಪರ್, ಸಿಡ್ನಿ

ಮೇಷ್ಟ್ರೇ, ತಿಥಿಯ ಮಾತು ನಿಜ, ಆದರೆ ಇವರದ್ದು ಬೇರೆ. ಮಾರ್ಚ್ 4ರ ಹುಟ್ಟುಹಬ್ಬ ನ್ಯೂಜೆರ್ಸಿಯಲ್ಲಿ 3 ಎಂದು ಕಾಣುತ್ತಿದ್ದರೆ, ಮೂಲ ಬಹುಶಃ ಇಂಥ ಒಂದು ಸಾಲು:

```js
new Date("2016-03-04")
```

ಜಾವಾಸ್ಕ್ರಿಪ್ಟ್ ಇದನ್ನು ಯುಟಿಸಿಯ ಮಧ್ಯರಾತ್ರಿ ಎಂದು ತೆಗೆದುಕೊಳ್ಳುತ್ತದೆ. ಆಗ ಅಮೆರಿಕದಲ್ಲಿ ಹಿಂದಿನ ದಿನದ ಸಂಜೆ. ಭಾರತದಲ್ಲಿ ಕುಳಿತು ಪರೀಕ್ಷಿಸಿದವರಿಗೆ ಬೆಳಿಗ್ಗೆ 5:30, ದಿನ ಸರಿಯಾಗಿಯೇ ಇರುತ್ತದೆ, ತಪ್ಪು ಕಾಣುವುದೇ ಇಲ್ಲ. ಹುಟ್ಟಿದ ದಿನಕ್ಕೆ ಗಂಟೆಯೂ ಇಲ್ಲ, ವಲಯವೂ ಇಲ್ಲ. ಡೇಟಾಬೇಸ್‌ನಲ್ಲಿ ಅದು `date` ಆಗಿರಲಿ, `timestamp` ಬೇಡ. ಪರೀಕ್ಷಿಸುವಾಗ ಫೋನಿನ ವಲಯವನ್ನು ನ್ಯೂಯಾರ್ಕ್‌ಗೆ ಬದಲಿಸಿ ನೋಡಿ.

ತೋರಿಸುವ ರೀತಿಯಲ್ಲೂ ಎಚ್ಚರ ಬೇಕು. ಒಂದೇ ಮನೆಯಲ್ಲಿ ಅಜ್ಜಿಯ ಫೋನ್ ಕನ್ನಡದಲ್ಲಿದ್ದು 4/3 ಎಂದರೆ, ಮೊಮ್ಮಗನ ಫೋನ್ ಅಮೆರಿಕದ ಇಂಗ್ಲಿಷ್‌ನಲ್ಲಿದ್ದು 3/4 ಎನ್ನುತ್ತದೆ. ನಾನು ತಿಂಗಳನ್ನು ಅಕ್ಷರದಲ್ಲೇ ತೋರಿಸುತ್ತೇನೆ: 4 ಮಾರ್ಚ್.

ಬೆಂಗಳೂರಿನ ವೆಬ್ ಪ್ರೋಗ್ರಾಮರ್

ವಾರದ ತರಗತಿಯ ವಿಷಯದಲ್ಲಿ ನನ್ನ ಮಾತು ತಪ್ಪು, ಒಪ್ಪುತ್ತೇನೆ. ಆದರೆ ಇಷ್ಟು ಚಿಕ್ಕ ಆ್ಯಪ್‌ಗೆ ಎರಡು ಅಂಕಣಗಳ ತೊಡಕು ಏಕೆ? ವರ್ಷಕ್ಕೆ ಎರಡು ಸಲ ಯಾರಾದರೂ ಕೈಯಿಂದ ಸಮಯ ಬದಲಿಸಿದರೆ ಸಾಲದೇ?

ಲಂಡನ್‌ನಲ್ಲಿರುವ ಡೇಟಾಬೇಸ್ ಎಂಜಿನಿಯರ್

ಅಮೆರಿಕದ ತರಗತಿಗಳಷ್ಟೇ ಇದ್ದರೆ ಸಾಲಬಹುದು. ನಾಳೆ ಲಂಡನ್‌ಗೆ ಕಟ್ಟಿದ ಇನ್ನೊಂದು ತರಗತಿ ಸೇರಿದರೆ ನಾಲ್ಕು ಸಲ, ಸಿಡ್ನಿಯದೂ ಸೇರಿದರೆ ಆರು ಸಲ. ನಾನಂತೂ ಕೈಯನ್ನು ನಂಬುವುದಿಲ್ಲ.

ಕೇಳಿದವರು

ಹುಟ್ಟುಹಬ್ಬದ ತಪ್ಪು ಸಿಕ್ಕಿತು, ಸಿಡ್ನಿಯವರು ಹೇಳಿದ ಸಾಲೇ. ಶುಲ್ಕದ ಕೋಡ್‌ನಲ್ಲೂ 100 ಎಂದೇ ಇದೆ, ಕುವೈತ್‌ನ ಎರಡು ಮನೆಗಳಿಗೆ ಈಗ ಫೋನ್ ಮಾಡಬೇಕು. ಎರಡು ಅಂಕಣಗಳನ್ನು ಈ ವಾರವೇ ಸೇರಿಸುತ್ತೇವೆ. ಒಂದು ಮಾತ್ರ ಉಳಿಯಿತು. ಚಳಿಗಾಲದ ತಿಂಗಳುಗಳಲ್ಲಿ ಶಿಕ್ಷಕಿಯವರು ರಾತ್ರಿ 8:30ಕ್ಕೆ ಪಾಠ ಶುರುಮಾಡಬೇಕಾಗುತ್ತದೆ ಎಂದು ಇಲ್ಲಿ ಓದಿದ ಮೇಲೆಯೇ ನನಗೆ ಹೊಳೆದದ್ದು. ಅವರ ಮನೆಯಲ್ಲಿ ಅದು ಊಟದ ಹೊತ್ತು. ಅವರನ್ನು ನಾವು ಯಾರೂ ಇದುವರೆಗೆ ಕೇಳಿಲ್ಲ.