ಡ್ರೋನ್ ಥರ್ಮಲ್ ಚಿತ್ರದಲ್ಲಿ ಬಿಸಿ ಸೆಲ್‌ಗಳು ಜಾಗ ಬದಲಿಸುತ್ತಿವೆ: ಯಾವುದನ್ನು ನಂಬುವುದು?

ಛಾವಣಿಗ

ಛಾವಣಿಯ ಮೇಲೆ ಒಂದೇ ಸಾಲಿನಲ್ಲಿ 12 ಸೌರ ಪ್ಯಾನೆಲ್‌ಗಳಿವೆ. ಇಳಿಜಾರು 15 ಡಿಗ್ರಿ. 640×512 ಪಿಕ್ಸೆಲ್‌ನ, 13.5 ಮಿ.ಮೀ. ಲೆನ್ಸಿನ ಥರ್ಮಲ್ ಕ್ಯಾಮೆರಾ ಹೊತ್ತ ಡ್ರೋನನ್ನು ನಡುಮಧ್ಯಾಹ್ನ 20 ಮೀಟರ್ ಎತ್ತರದಲ್ಲಿ ಸಾಲಿನ ಉದ್ದಕ್ಕೂ ಹಾರಿಸಿ, ಕ್ಯಾಮೆರಾವನ್ನು ನೇರ ಕೆಳಮುಖವಾಗಿಟ್ಟು ಚಿತ್ರಗಳನ್ನು ತೆಗೆದೆ. ಅವನ್ನು ಜೋಡಿಸಿ ಮಾಡಿದ ನಕ್ಷೆಯಲ್ಲಿ 3, 5, 7 ಮತ್ತು 8ನೇ ಪ್ಯಾನೆಲ್‌ಗಳಲ್ಲಿ ತಲಾ ಒಂದು ಸೆಲ್‌ನಷ್ಟು ದೊಡ್ಡ ಬಿಸಿ ಚುಕ್ಕೆ ಕಂಡಿತು. ಖಚಿತಪಡಿಸಿಕೊಳ್ಳಲೆಂದು ಇನ್ನೊಮ್ಮೆ ಹಾರಿಸಿದರೆ 8ನೆಯದು ಇದ್ದಲ್ಲೇ ಇತ್ತು, ಉಳಿದ ಮೂರು ಮಾಯವಾಗಿ 4 ಮತ್ತು 6ರಲ್ಲಿ ಹೊಸ ಚುಕ್ಕೆಗಳು ಕಾಣಿಸಿಕೊಂಡವು. 8ನೆಯದು ಅಕ್ಕಪಕ್ಕದ ಸೆಲ್‌ಗಳಿಗಿಂತ 14 ಡಿಗ್ರಿ ಹೆಚ್ಚು ಬಿಸಿ ಇದೆ. ಆಗ ಪ್ಯಾನೆಲ್ ಮಟ್ಟದಲ್ಲಿ ಬಿಸಿಲು ಚದರ ಮೀಟರಿಗೆ 720 ವಾಟ್ ಇತ್ತು. ಕ್ಯಾಮೆರಾ ಕೆಟ್ಟಿದೆಯೇ, ಅಥವಾ ಪ್ಯಾನೆಲ್‌ಗಳೇ ಹೀಗೆ ವರ್ತಿಸುತ್ತವೆಯೇ?

ಬೆಳಗಿನಹಾರಾಟ

ಇದು ಬಿಸಿಲಿನ ಪ್ರತಿಬಿಂಬವೇ ಹೊರತು ಬೇರೇನೂ ಅಲ್ಲ. ನಡುಮಧ್ಯಾಹ್ನ ಹಾರಿಸಬೇಡಿ. ಬೆಳಿಗ್ಗೆ ಏಳು ಗಂಟೆಗೆ, ಸೂರ್ಯ ಇನ್ನೂ ಕೆಳಗಿರುವಾಗ ಹಾರಿಸಿದರೆ ನಿಮ್ಮ ಎಲ್ಲ ಚುಕ್ಕೆಗಳೂ, 8ನೆಯದೂ ಸೇರಿ, ಹೋಗುತ್ತವೆ.

ಅತಿಗೆಂಪು

ಪ್ರತಿಬಿಂಬವೆಂಬುದು ಸರಿ, ಆದರೆ ಆ ಮದ್ದಿನಿಂದ ಸುಳ್ಳು ಚುಕ್ಕೆಗಳ ಜೊತೆಗೆ ನಿಜವಾದ ರೋಗಲಕ್ಷಣವೂ ಮರೆಯಾಗುತ್ತದೆ. ದೋಷವಿರುವ ಸೆಲ್ ಬಿಸಿಯಾಗುವುದು ಸರಣಿಯಲ್ಲಿರುವ ಇತರ ಸೆಲ್‌ಗಳ ಕರೆಂಟ್ ಅದರ ಮೂಲಕ ಬಲವಂತವಾಗಿ ಹರಿಯುವುದರಿಂದ. ಬೆಳಗಿನ ಎಳೆಬಿಸಿಲಿನಲ್ಲಿ ಕರೆಂಟೇ ಕಡಿಮೆಯಿರುವುದರಿಂದ ಆ ಸೆಲ್‌ಗೆ ಬಿಸಿಯಾಗುವ ಅವಕಾಶವೇ ಇರುವುದಿಲ್ಲ. ಈ ಬಗೆಯ ತಪಾಸಣೆಗೆ ಚದರ ಮೀಟರಿಗೆ ಕನಿಷ್ಠ 600 ವಾಟ್ ಬಿಸಿಲಿರಬೇಕೆಂಬುದು ರೂಢಿಯ ನಿಯಮ. ಆದ್ದರಿಂದ ಬದಲಿಸಬೇಕಾದದ್ದು ಹೊತ್ತನ್ನಲ್ಲ, ಕೋನವನ್ನು.

ಛಾವಣಿಗರೇ, ಆ ದಿನ ಸೂರ್ಯ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದ? ಮತ್ತು ಜೋಡಿಸಿದ ನಕ್ಷೆಯನ್ನು ಬದಿಗಿಟ್ಟು ಒಂದೊಂದೇ ಮೂಲ ಚಿತ್ರವನ್ನು ತೆರೆದು, ಪ್ರತಿ ಚುಕ್ಕೆಯೂ ಚಿತ್ರದ ಯಾವ ಭಾಗದಲ್ಲಿದೆ ಎಂದು ನೋಡುತ್ತೀರಾ?

ಛಾವಣಿಗ

ಸೂರ್ಯ ಸುಮಾರು 60 ಡಿಗ್ರಿ ಎತ್ತರದಲ್ಲಿ, ಪ್ಯಾನೆಲ್‌ಗಳು ಮುಖ ಮಾಡಿರುವ ದಿಕ್ಕಿನಲ್ಲೇ ಇದ್ದ. ಮೂಲ ಚಿತ್ರಗಳನ್ನು ನೋಡಿ ಬೆರಗಾಯಿತು. 3, 5 ಮತ್ತು 7ರ ಚುಕ್ಕೆಗಳು ಬೇರೆ ಬೇರೆ ಚಿತ್ರಗಳಲ್ಲಿವೆ, ಆದರೆ ಮೂರೂ ಚಿತ್ರದ ನಟ್ಟನಡುವೆಯೇ ಇವೆ. 8ನೆಯದು ಮಾತ್ರ ಒಂದು ಚಿತ್ರದಲ್ಲಿ ಬಲ ಅಂಚಿನಲ್ಲಿ, ಮುಂದಿನದರಲ್ಲಿ ಅದಕ್ಕಿಂತ ಎಡಕ್ಕೆ, ಹೀಗೆ ಪ್ಯಾನೆಲ್ ಜೊತೆಗೇ ಸರಿಯುತ್ತಾ ಹೋಗಿದೆ.

ಅತಿಗೆಂಪು

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಸೂರ್ಯ ಬಹು ದೂರದಲ್ಲಿರುವುದರಿಂದ ಡ್ರೋನ್ ಎಲ್ಲಿಗೆ ಹೋದರೂ ಅವನ ಪ್ರತಿಬಿಂಬ ಅದೇ ಕೋನದಲ್ಲಿ ಬರುತ್ತದೆ, ಅಂದರೆ ಚಿತ್ರದೊಳಗೆ ಅದೇ ಜಾಗದಲ್ಲಿ ಕೂರುತ್ತದೆ. ನಿಜವಾದ ಬಿಸಿ ಸೆಲ್ ಪ್ಯಾನೆಲ್‌ಗೆ ಅಂಟಿಕೊಂಡಿದ್ದರೆ ಪ್ರತಿಬಿಂಬ ಕ್ಯಾಮೆರಾಗೆ ಅಂಟಿಕೊಂಡಿರುತ್ತದೆ. ಜೋಡಿಸಿದ ನಕ್ಷೆ ಈ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ. ನಾನು ಅದನ್ನು ಪ್ಯಾನೆಲ್ ಸಂಖ್ಯೆ ಗುರುತಿಸುವುದಕ್ಕಷ್ಟೇ ಬಳಸುತ್ತೇನೆ.

ನಿಮ್ಮ ಲೆಕ್ಕವನ್ನೇ ನೋಡೋಣ. ಗಾಜು 15 ಡಿಗ್ರಿ ವಾಲಿರುವಾಗ ನೇರ ಮೇಲಿನಿಂದ ನೋಡಿದರೆ, ಗಾಜಿನಲ್ಲಿ ಕಾಣುವುದು ನೆತ್ತಿಯಿಂದ 30 ಡಿಗ್ರಿ ಇಳಿಜಾರಿನ ಕಡೆಗಿರುವ ಆಕಾಶದ ತುಣುಕು. 60 ಡಿಗ್ರಿ ಎತ್ತರದ ಸೂರ್ಯ ನೆತ್ತಿಯಿಂದ 30 ಡಿಗ್ರಿ ದೂರದಲ್ಲಿ, ಸರಿಯಾಗಿ ಆ ತುಣುಕಿನಲ್ಲೇ ಕುಳಿತಿದ್ದ. ಗಾತ್ರ ಮೋಸ ಮಾಡಿದ್ದಕ್ಕೂ ಕಾರಣವಿದೆ. ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. 20 ಮೀಟರ್ ದೂರದಲ್ಲಿ ಅದು ಸುಮಾರು 18 ಸೆ.ಮೀ., ಹೆಚ್ಚುಕಡಿಮೆ ಒಂದು ಸೆಲ್‌ನಷ್ಟೇ ಆಗುತ್ತದೆ. ನಿಮ್ಮಂತೆ ನಾನೂ ಒಮ್ಮೆ ಇದಕ್ಕೆ ಬಿದ್ದು, ಇರದ ದೋಷಗಳ ಪಟ್ಟಿ ಬರೆದುಕೊಟ್ಟಿದ್ದೆ.

ಮುಂದಿನ ಸಲ ಡ್ರೋನನ್ನು ಪ್ಯಾನೆಲ್‌ಗಳ ಎದುರುಬದಿಗೆ, ಅಂದರೆ ಇಳಿಜಾರಿನ ಕೆಳಗಡೆಗೆ ಸರಿಸಿ, ಕ್ಯಾಮೆರಾ ಹಿಡಿದಿರುವ ಗಿಂಬಲನ್ನು ನೇರ ಕೆಳಮುಖದಿಂದ 30 ಡಿಗ್ರಿ ಮೇಲೆತ್ತಿ ಪ್ಯಾನೆಲ್‌ಗಳನ್ನು ನೋಡಿ. ಆಗ ಗಾಜಿನಲ್ಲಿ ನೆತ್ತಿಯ ತಿಳಿಯಾದ ತಣ್ಣನೆಯ ಆಕಾಶ ಬಿಂಬಿಸುತ್ತದೆ, ನೋಟವೂ ಗಾಜಿನ ಲಂಬದಿಂದ 15 ಡಿಗ್ರಿ ಮಾತ್ರ ಓರೆಯಾಗಿರುತ್ತದೆ. 15 ಡಿಗ್ರಿಗೇ ನಿಲ್ಲಿಸಿಬಿಡಬೇಡಿ. ಅದು ಸರಿಯಾಗಿ ಲಂಬ, ಅಲ್ಲಿ ಡ್ರೋನ್ ತನ್ನ ಮುಖವನ್ನೇ ಗಾಜಿನಲ್ಲಿ ನೋಡಿಕೊಳ್ಳುತ್ತದೆ.

ಪುಟ್ಟಕ್ಯಾಮೆರಾ

ನಾನು 160×120 ಪಿಕ್ಸೆಲ್‌ನ ಚಿಕ್ಕ ಕ್ಯಾಮೆರಾವನ್ನು ಡ್ರೋನಿಗೆ ಕಟ್ಟಿ ಅದೇ 20 ಮೀಟರ್ ಎತ್ತರದಲ್ಲಿ ಹಾರಿಸಿದೆ. ಒಂದೇ ಒಂದು ಚುಕ್ಕೆಯೂ ಕಾಣಲಿಲ್ಲ. ಹಾಗಾದರೆ ನನ್ನ ಪ್ಯಾನೆಲ್‌ಗಳೆಲ್ಲ ಆರೋಗ್ಯವಾಗಿವೆ ಎಂದಾಯಿತಲ್ಲವೇ? ದುಬಾರಿ ಕ್ಯಾಮೆರಾ ಕೊಂಡವರಿಗೇ ಇಂಥ ತಲೆನೋವು ಎಂದು ತೋರುತ್ತದೆ.

ಅತಿಗೆಂಪು

ಹಾಗೆಂದು ಹೇಳಲಾಗದು. ನಿಮ್ಮ ಲೆನ್ಸ್ 57 ಡಿಗ್ರಿ ಅಗಲ ನೋಡುವಂಥದ್ದಾದರೆ ಆ ಎತ್ತರದಲ್ಲಿ ಒಂದು ಪಿಕ್ಸೆಲ್ ಸುಮಾರು 12 ಸೆ.ಮೀ. ಜಾಗವನ್ನು ಆವರಿಸುತ್ತದೆ. ಬಿಸಿ ಸೆಲ್‌ನ ಶಾಖ ಅಕ್ಕಪಕ್ಕದ ತಂಪಿನೊಡನೆ ಬೆರೆತು ಸರಾಸರಿಯಾಗಿಬಿಡುತ್ತದೆ. ಛಾವಣಿಗರ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ 2 ಸೆ.ಮೀ.ಗಿಂತ ಕಡಿಮೆ. ಪಿಕ್ಸೆಲ್ 3 ಸೆ.ಮೀ.ಗಿಂತ ದೊಡ್ಡದಾಗದಂತೆ ನೋಡಿಕೊಳ್ಳಬೇಕು, ಅಂದರೆ ನೀವು ಸುಮಾರು 5 ಮೀಟರಿಗೆ ಇಳಿಯಬೇಕಾಗುತ್ತದೆ.

ತಂತಿಜೋಡಣೆ

8ನೆಯ ಪ್ಯಾನೆಲ್ಲಿನ ಮಾತಿಗೆ ಬರೋಣ. ಆ ಸೆಲ್‌ನ ಸಾಮಾನ್ಯ ಚಿತ್ರ ಇದೆಯೇ? ಹಕ್ಕಿಯ ಹಿಕ್ಕೆ ಒಣಗಿ ಕೂತಿದ್ದರೂ ಇದೇ ಚುಕ್ಕೆ ಬರುತ್ತದೆ.

ಛಾವಣಿಗ

ನೀವು ಹೇಳಿದಂತೆಯೇ ಆ ಸೆಲ್‌ನ ಮೂಲೆಯಲ್ಲಿ ಬೆರಳಗಲದ ಬಿಳಿಯ ಕಲೆಯಿತ್ತು. ಗಾಜು ತಣ್ಣಗಿದ್ದ ಹೊತ್ತಿನಲ್ಲಿ, ಬೆಳಗಿನ ಜಾವ, ಉದ್ದ ಕೋಲಿನ ಮೆತ್ತನೆಯ ಬ್ರಷ್ಷಿನಿಂದ ಒರೆಸಿದೆ. ಮರುದಿನ ತಿಳಿಯಾದ ಆಕಾಶ, 780 ವಾಟ್ ಬಿಸಿಲು. ಎದುರುಬದಿಯಿಂದ, 30 ಡಿಗ್ರಿ ಕೋನದಲ್ಲಿ ಹಾರಿಸಿದೆ. ಅಲೆಯುತ್ತಿದ್ದ ಚುಕ್ಕೆಗಳು ಒಂದೂ ಇಲ್ಲ. 8ನೆಯದು ಉಳಿದಿದೆ, ಆದರೆ ವ್ಯತ್ಯಾಸ 14ರಿಂದ 6 ಡಿಗ್ರಿಗೆ ಇಳಿದಿದೆ. ಕ್ಲ್ಯಾಂಪ್ ಮೀಟರ್‌ನಲ್ಲಿ ಸರಣಿಯಲ್ಲಿ ಹರಿಯುವ ಸ್ಟ್ರಿಂಗ್ ಕರೆಂಟ್ ಸಹಜವಾಗಿಯೇ ಇದೆ.

ಅತಿಗೆಂಪು

ಎರಡು ದಿನದ ಬಿಸಿಲು ಬೇರೆಯಾದ್ದರಿಂದ ಹೋಲಿಕೆಗೆ ಎರಡನ್ನೂ 1000 ವಾಟ್‌ಗೆ ಏರಿಸಿ ನೋಡಿ. 14 × 1000 ÷ 720, ಅಂದರೆ ಸುಮಾರು 19. 6 × 1000 ÷ 780, ಅಂದರೆ ಸುಮಾರು 8. ಇದು ಒರಟು ಲೆಕ್ಕ, ಗಾಳಿ ಜೋರಾಗಿದ್ದರೆ ಇನ್ನಷ್ಟು ತಪ್ಪುತ್ತದೆ. ಆದರೂ ಅರ್ಧಕ್ಕಿಂತ ಹೆಚ್ಚು ಶಾಖ ಹಿಕ್ಕೆಯದೇ ಎಂಬುದು ಸ್ಪಷ್ಟ. ಉಳಿದ 8 ಡಿಗ್ರಿ ಆ ಸೆಲ್‌ನದೇ. ಇನ್ವರ್ಟರ್ ನಿಲ್ಲಿಸಿ ಕಾಲು ಗಂಟೆ ಕಾದು ಮತ್ತೊಮ್ಮೆ ನೋಡಿ. ಕರೆಂಟ್ ನಿಂತಾಗ ಚುಕ್ಕೆಯೂ ಆರಿಹೋದರೆ ಅದು ಹರಿಯುವ ಕರೆಂಟಿನಿಂದ ಹುಟ್ಟುವ ಶಾಖ. ಬಿಸಿಲಿನಲ್ಲಿ ಪ್ಯಾನೆಲ್ ಕನೆಕ್ಟರ್‌ಗಳನ್ನು ಮಾತ್ರ ಎಳೆಯಬೇಡಿ, ಆರ್ಕ್ ಹತ್ತುತ್ತದೆ; ಇನ್ವರ್ಟರಿನ ಸ್ವಿಚ್ಚಿನಿಂದಲೇ ನಿಲ್ಲಿಸಿ.

ತಂತಿಜೋಡಣೆ

ನನ್ನ ಊಹೆ ಬೆಸುಗೆ ಬಿಟ್ಟಿರುವುದು. ಕಲೆ ಮೂಲೆಯಲ್ಲಿತ್ತು, ಆದರೆ ಬಿಸಿಯು ಸೆಲ್‌ನ ಒಂದೇ ಲೋಹದ ಪಟ್ಟಿಯ ಗುಂಟ ಇದ್ದರೆ ಹಾಗೆನ್ನಬಹುದು.

ಅತಿಗೆಂಪು

ಬಿರುಕಾಗಿದ್ದರೂ ಹಾಗೆಯೇ ಕಾಣಬಹುದು. ಥರ್ಮಲ್ ಚಿತ್ರ ಒಂದರಿಂದಲೇ ಇವೆರಡನ್ನು ಬೇರ್ಪಡಿಸುವ ಧೈರ್ಯ ನನಗಿಲ್ಲ; ಅದಕ್ಕೆ ಕತ್ತಲಲ್ಲಿ ಪ್ಯಾನೆಲ್‌ಗೆ ಕರೆಂಟ್ ಕೊಟ್ಟು ಅದು ಹೊಳೆಯುವುದನ್ನು ಚಿತ್ರಿಸಬೇಕು. ಸ್ಟ್ರಿಂಗ್ ಕರೆಂಟ್ ಸಹಜವಾಗಿದೆ ಎಂಬುದರಿಂದಲೂ ಸೆಲ್ ನಿರ್ದೋಷಿ ಎನ್ನಲಾಗದು, ಒಂದು ಸೆಲ್‌ನ ಅಲ್ಪ ನಷ್ಟ ಅಲ್ಲಿ ಕಾಣುವುದೇ ಇಲ್ಲ.

ಛಾವಣಿಗ

ಇನ್ವರ್ಟರ್ ನಿಲ್ಲಿಸಿ ನೋಡಿದೆ, ಹದಿನೈದು ನಿಮಿಷದಲ್ಲಿ ಚುಕ್ಕೆ ಆರಿತು. ಚಾಲೂ ಮಾಡಿದ ಮೇಲೆ ಮತ್ತೆ ಮೂಡಿತು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಬಿಸಿಯು ಸೆಲ್‌ನ ಎಡ ಅರ್ಧದಲ್ಲಿದೆ, ಪಟ್ಟಿಯ ಗುಂಟ ಎಂದು ಹೇಳುವಷ್ಟು ತೆಳ್ಳಗಿಲ್ಲ. ಎರಡೂ ದಿನದ ಮೂಲ ಕಡತಗಳನ್ನು ಬಿಸಿಲಿನ ಅಳತೆಯೊಡನೆ ಎತ್ತಿಟ್ಟಿದ್ದೇನೆ. ಮೂರು ತಿಂಗಳು ಬಿಟ್ಟು ಇದೇ ಕೋನದಲ್ಲಿ ಹಾರಿಸಿ, ಆ 8 ಡಿಗ್ರಿಯ ವ್ಯತ್ಯಾಸ ಹೆಚ್ಚಿದೆಯೇ ಎಂದು ಇಲ್ಲೇ ಬರೆಯುತ್ತೇನೆ.